ಕೊಸರಿನ ಋಣ

ಕಳೆದ ದೀಪಾವಳಿಗೆ ಮುಂಚೆ ಉಡುಪಿ, ಮಣಿಪಾಲ, ಕಾಪು, ಕಾರ್ಕಳಗಳ ಕಡೆ ನೆಲೆಸಿರುವ ನಮ್ಮ ಕೆಲವು ಭಕ್ತ ಕುಟುಂಬಗಳು ಒಂದು ಮನೆಯಲ್ಲಿ ಕೂಡಿದ್ದೆವು. ನಾವೆಲ್ಲರೂ ಉದ್ಯೋಗಕ್ಕೆಂದೋ ಮಕ್ಕಳ ವಿದ್ಯಾಭ್ಯಾಸಕ್ಕೆಂದೋ ಘಟ್ಟ ಇಳಿದು ಬಂದವರು. ಈ ಊರಿನ ಜನ ನಮ್ಮನ್ನೂ ಘಟ್ಟದ ಮೇಲಿನಿಂದ ಲಾರಿಯಲ್ಲಿ ಬರುವ ಕೋಸುಗಡ್ಡೆಯನ್ನೂ ಒಂದೇ ಹೆಸರಿನಿಂದ ಕರೆಯುತ್ತಾರೆ. ಮಾತಿನ ನಡುವೆ ಒಬ್ಬ ತಾಯಿ ಒಂದು ಪ್ರಶ್ನೆ ಎತ್ತಿದರು. ವರ್ಷವೆಲ್ಲ ನಮಗೆ ತರಕಾರಿ ಕೊಡುವಾಕೆಗೆ, ನಮ್ಮ ಮನೆಯ ಬಟ್ಟೆಗಳನ್ನೆಲ್ಲ ಹೊಲಿದುಕೊಡುವ ದರ್ಜಿಗೆ, ಹಬ್ಬದಲ್ಲಿ ಏನಾದರೂ ಕೊಡಬೇಕಲ್ಲವೆ? ಕೊಡುವುದಾದರೆ ಏನನ್ನು, ಹೇಗೆ ಕೊಡಬೇಕು?

ಸಭೆ ಎರಡು ಪಂಗಡವಾಯಿತು. ನಮ್ಮಲ್ಲಿ ಹಿರಿಯರಾದ, ಮಠದ ಪ್ರಸಾದನಿಲಯದಲ್ಲಿಯೇ ಓದಿ ಮೇಲೆ ಬಂದ ಒಬ್ಬರು ಖಂಡಿತವಾಗಿ ಕೊಡಕೂಡದು ಎಂದರು. "ಬೆಲೆ ಕೊಟ್ಟಾಗಿದೆ. ಅದರ ಮೇಲೆ ಕೊಡುವುದು ಕಾಯಕಕ್ಕೆ ಮಾಡುವ ಅವಮಾನ. ನುಲಿಯ ಚಂದಯ್ಯನವರು ಒಪ್ಪುತ್ತಿದ್ದರೇನು?" ಎಂಬುದು ಅವರ ವಾದ. ಇನ್ನೊಂದು ಪಂಗಡದವರು, "ಬಡವರು, ಪಾಪ. ಮನೆಯಲ್ಲಿ ಉಟ್ಟುಬಿಟ್ಟ ಸೀರೆಗಳಿವೆ, ಹಬ್ಬದ ಮರುದಿನ ಉಳಿಯುವ ಸಿಹಿಯೂ ಇರುತ್ತದೆ. ಕೊಟ್ಟರೆ ದಾಸೋಹ ಮಾಡಿದ ಪುಣ್ಯವೂ ಬಂದೀತು" ಎಂದರು. ಈ ಎರಡು ಮಾತುಗಳೂ ತಪ್ಪು ಎಂದು ಅಂದೇ ನಾನು ಹೇಳಿದೆ. ಅಂದು ಸಮಯ ಸಾಲದೆ ಹೇಳಲಾಗದೆ ಉಳಿದುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಹಿರಿಯರ ವಾದವನ್ನೇ ತೆಗೆದುಕೊಳ್ಳೋಣ. ಶೂನ್ಯಸಂಪಾದನೆಯಲ್ಲಿ ಬರುವ ಚಂದಯ್ಯನವರ ಪ್ರಸಂಗ ಈ ಪತ್ರಿಕೆಯ ವಾಚಕರಿಗೆ ಹೊಸದಲ್ಲ. ಹುಲ್ಲು ಕೊಯ್ಯುವಾಗ ಇಷ್ಟಲಿಂಗವು ಜಾರಿ ನೀರಿಗೆ ಬಿದ್ದರೂ ಅವರು ತಮ್ಮ ಕಾಯಕವನ್ನು ಬಿಡದೆ ನಡೆದರು. ಮಡಿವಾಳ ಮಾಚಯ್ಯನವರು ನಡುವೆ ನಿಂತು ಬುದ್ಧಿ ಹೇಳಿದ ಮೇಲೆ ಲಿಂಗಕ್ಕೂ ಹಗ್ಗ ಮಾರುವ ಕಾಯಕ ಬಂದಿತು. ಬಸವಣ್ಣನವರಿಂದ ಆ ಹಗ್ಗಕ್ಕೆ ಅದರ ಯೋಗ್ಯತೆಗೆ ಮೀರಿದ ಹೊನ್ನು ಬಂದಾಗ ಚಂದಯ್ಯನವರು ಅದನ್ನು ಸ್ವೀಕರಿಸಲಿಲ್ಲ. ಆಯ್ದಕ್ಕಿ ಲಕ್ಕಮ್ಮನವರದೂ ಇದೇ ಬಗೆಯ ನಿಷ್ಠೆ. ಮಾರಯ್ಯನವರು ಎಂದಿಗಿಂತ ಹೆಚ್ಚಾಗಿ ತಂದ ಅಕ್ಕಿಯನ್ನು ಹಿಂದಕ್ಕೆ ಕೊಟ್ಟುಬರುವಂತೆ ಆ ತಾಯಿ ಕಳುಹಿಸಿದರು.

ಆದರೆ ಈ ಶರಣರು ನಿರಾಕರಿಸಿದ್ದು ಯಾವುದನ್ನು ಎಂಬುದನ್ನು ನೋಡಬೇಡವೆ? ಚಂದಯ್ಯನವರ ಮುಂದೆ ಹೆಚ್ಚಿನ ಹೊನ್ನು ಬಂದದ್ದು ಹಗ್ಗದ ಬೆಲೆಯ ವೇಷದಲ್ಲಿ. ಲಕ್ಕಮ್ಮನವರ ಮನೆಗೆ ಹೆಚ್ಚಿನ ಅಕ್ಕಿ ಬಂದದ್ದು ದಿನದ ಗಳಿಕೆಯ ಅಕ್ಕಿಯೊಡನೆ ಒಂದೇ ಸೆರಗಿನಲ್ಲಿ ಬೆರೆತು. ಹೀಗೆ ಬೆರೆತರೆ ದುಡಿಮೆಯ ಮೌಲ್ಯವೆಷ್ಟು, ಕೊಟ್ಟವನ ಔದಾರ್ಯವೆಷ್ಟು ಎಂಬುದೇ ತಿಳಿಯದೆ ಹೋಗುತ್ತದೆ. ದುಡಿದವನಿಗೆ ತನ್ನ ಕೈಯ ಬೆಲೆ ತನಗೇ ಮರೆತುಹೋಗುತ್ತದೆ. ಅವರು ಬೇಡವೆಂದದ್ದು ಈ ಬೆರಕೆಯನ್ನು. ಒಬ್ಬರ ಮನೆಯ ಹಬ್ಬದಲ್ಲಿ ಇನ್ನೊಬ್ಬರು ಪಾಲುಗೊಳ್ಳುವುದನ್ನು ಅವರು ಬೇಡವೆಂದಿದ್ದರೆ ಕಲ್ಯಾಣದ ಮಹಾಮನೆಯಲ್ಲಿ ಪಂಕ್ತಿಯೇ ನಡೆಯುತ್ತಿರಲಿಲ್ಲ.

ಬೆಲೆಯನ್ನೂ ಪ್ರೀತಿಯನ್ನೂ ಬೇರೆ ಇಡುವ ಈ ವಿವೇಕವನ್ನು ಕಲಿಯಲು ನಾವು ಗ್ರಂಥವನ್ನೇ ತೆರೆಯಬೇಕಾಗಿಲ್ಲ. ನಮ್ಮ ತರಕಾರಿಯಾಕೆ ಅದನ್ನು ನಿತ್ಯವೂ ಕಣ್ಣೆದುರಿಗೆ ಮಾಡಿ ತೋರಿಸುತ್ತಾಳೆ. ಆಕೆ ತೊಂಡೆಕಾಯಿಯನ್ನು ತಕ್ಕಡಿಗೆ ಹಾಕುತ್ತಾಳೆ. ಮುಳ್ಳು ನೆಟ್ಟಗೆ ನಿಲ್ಲುವವರೆಗೆ ಒಂದು ಕಾಯಿ ತೆಗೆದು ಒಂದು ಕಾಯಿ ಇಟ್ಟು ತೂಗುತ್ತಾಳೆ. ತೂಕ ಮುಗಿದು ಕಾಯಿ ನಮ್ಮ ಚೀಲಕ್ಕೆ ಬಿದ್ದ ಮೇಲೆ, ತಕ್ಕಡಿ ಕೆಳಗಿಟ್ಟ ಮೇಲೆ, ಹಿಡಿಯಷ್ಟು ಕೊತ್ತಂಬರಿ, ಎರಡೆಸಳು ಕರಿಬೇವು, ನಾಲ್ಕು ಹಸಿಮೆಣಸಿನಕಾಯಿಗಳನ್ನು ಮೇಲೆ ಹಾಕುತ್ತಾಳೆ. ಇದಕ್ಕೆ ನಮ್ಮ ಭಾಷೆಯಲ್ಲಿ ಕೊಸರು ಎಂಬ ಸೊಗಸಾದ ಹೆಸರಿದೆ. ಕೊಸರನ್ನು ಯಾರೂ ತಕ್ಕಡಿಯಲ್ಲಿಟ್ಟು ಕೊಡುವುದಿಲ್ಲ. ತಕ್ಕಡಿಯಲ್ಲಿರುವುದು ವ್ಯಾಪಾರ, ಅದು ಕೆಳಗಿಳಿದ ಮೇಲೆ ಕೊಡುವುದು ಸ್ನೇಹ. ಕೊಸರು ಕೊಟ್ಟಳೆಂದು ನಾವು ಯಾರೂ ಅವಮಾನಿತರಾಗಿ ಮನೆಗೆ ಬಂದದ್ದಿಲ್ಲ.

ಆಕೆ ಕೊಡುವ ಕೊಸರು ಕೊತ್ತಂಬರಿಯಷ್ಟೇ ಅಲ್ಲ. ಕಾಪುವಿನ ಸಮೀಪದ ಮಟ್ಟು ಗ್ರಾಮದ ಗುಳ್ಳ ಬದನೆಯ ಕೀರ್ತಿ ಎಲ್ಲರಿಗೂ ತಿಳಿದದ್ದೇ. ವಾದಿರಾಜರು ಅದರ ಬೀಜವನ್ನು ಅನುಗ್ರಹಿಸಿದರೆಂದು ಇಲ್ಲಿಯ ಜನರ ನಂಬಿಕೆ. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚ್ಯಂಕದ ಮಾನ್ಯತೆಯೂ ದೊರೆಯಿತು. ಹೆಸರು ಬಂದ ಮೇಲೆ ಬೇರೆ ಕಡೆಯ ದುಂಡು ಬದನೆಗಳೂ ಅದೇ ಹೆಸರಿನಲ್ಲಿ ಮಾರುಕಟ್ಟೆಗೆ ಬರತೊಡಗಿದವು. ಘಟ್ಟದ ಮೇಲಿನವರಾದ ನಮಗೆ ಎರಡರ ವ್ಯತ್ಯಾಸ ಹೇಗೆ ತಿಳಿಯಬೇಕು? "ಇದು ಮಟ್ಟಿನದ್ದಲ್ಲ ಅಕ್ಕ, ಬೇಯುವಾಗ ಗೊತ್ತಾಗ್ತದೆ. ಮುಂದಿನ ವಾರ ಬನ್ನಿ" ಎಂದು ತನ್ನ ಬುಟ್ಟಿಯ ಕಾಯಿಯನ್ನು ತಾನೇ ಬೇಡವೆನ್ನುವ ಆ ಮಾತಿಗೆ ಯಾವ ತಕ್ಕಡಿಯಲ್ಲಿ ಬೆಲೆ ಕಟ್ಟುವಿರಿ? ಮಧ್ಯಾಹ್ನಕ್ಕೆ ಬಾಡುವ ಹರಿವೆಯಲ್ಲಿ ಒಂದು ಕಟ್ಟನ್ನು ನಮಗೆಂದು ಒದ್ದೆ ಗೋಣಿಯ ಕೆಳಗೆ ಎತ್ತಿಟ್ಟುಕೊಂಡು, ನಾವು ಬಾರದಿದ್ದರೆ ಅದನ್ನು ಎಸೆಯುವವಳೂ ಆಕೆಯೇ. ಆ ನಷ್ಟವನ್ನು ಆಕೆ ನಮ್ಮ ಲೆಕ್ಕಕ್ಕೆ ಬರೆಯುವುದಿಲ್ಲ.

ಆದ್ದರಿಂದ ಹಬ್ಬದ ಕಾಣಿಕೆ ನಾವು ಮೇಲೆ ನಿಂತು ಕೆಳಗೆ ಚಾಚುವ ಕೈಯಲ್ಲ. ಮೊದಲು ಕೊಟ್ಟವಳು ಆಕೆ. ನಾವು ಕೊಡುವುದು ವರ್ಷವಿಡೀ ಪಡೆದ ಕೊಸರಿಗೆ ತಡವಾಗಿ ಸಲ್ಲಿಸುವ ಮರುಕೊಸರು. ಇದು ಋಣ. ಪುಣ್ಯವೆಂದು ಎಣಿಸುವವರು ಲೆಕ್ಕವನ್ನು ತಿರುಗಾಮುರುಗಾ ಬರೆದುಕೊಂಡಿದ್ದಾರೆ. ಉಟ್ಟುಬಿಟ್ಟ ಸೀರೆಯನ್ನೂ ಹಬ್ಬದ ಮರುದಿನದ ಸಿಹಿಯನ್ನೂ ದಾಸೋಹವೆನ್ನುವ ಸೋದರ ಸೋದರಿಯರಿಗೆ ನನ್ನ ಬಿನ್ನಹವಿಷ್ಟೆ: ದಾಸೋಹದಲ್ಲಿ ದಾಸನಾಗಬೇಕಾದವನು ಕೊಡುವವನು. ನಮಗೆ ಬೇಡವಾದದ್ದನ್ನು ಇನ್ನೊಬ್ಬರ ಮನೆಗೆ ಸಾಗಿಸುವುದಕ್ಕೆ ಆ ದೊಡ್ಡ ಶಬ್ದವನ್ನು ಬಳಸಬೇಡಿ. ಹಳೆಯ ಸೀರೆ ಯಾರಿಗಾದರೂ ಉಪಯೋಗವಾಗುವುದಾದರೆ ಬೇರೆ ದಿನ, ಬೇಕೇ ಎಂದು ಕೇಳಿ, ಅವರು ಬೇಕೆಂದರೆ ಕೊಡಿ. ಹಬ್ಬದ ಹೆಸರಿನಲ್ಲಿ ಮಾತ್ರ ಬೇಡ.

ಇನ್ನು ದರ್ಜಿಯ ವಿಷಯ. ಇಲ್ಲಿ ನಾನು ನನ್ನದೇ ತಪ್ಪೊಂದನ್ನು ಹೇಳಬೇಕಾಗಿದೆ. ಮಣಿಪಾಲದಲ್ಲಿ ನಮ್ಮ ಮನೆಗೆ ಹೊಲಿಯುವವರ ಹತ್ತಿರ ಒಂದು ವರ್ಷ 1,200 ರೂಪಾಯಿ ಬಾಕಿ ಉಳಿದಿತ್ತು. ಎರಡು ತಿಂಗಳಾಗಿತ್ತು. ಕೊಡಲಾರದೆ ಅಲ್ಲ, ನಾಳೆ ಕೊಟ್ಟರಾಯಿತೆಂಬ ಉದಾಸೀನ. ದೀಪಾವಳಿಯ ಹಿಂದಿನ ದಿನ ದೊಡ್ಡ ಡಬ್ಬಿಯ ತುಂಬ ಸಿಹಿ ತೆಗೆದುಕೊಂಡು ಹೋಗಿ ನಗುನಗುತ್ತ ಅವರ ಕೈಗಿತ್ತೆ. ಅವರೂ ನಗುತ್ತಲೇ ತೆಗೆದುಕೊಂಡು ಮೇಜಿನ ಮೇಲೆ, ಕತ್ತರಿಸಿಟ್ಟ ಬಟ್ಟೆಗಳ ಪಕ್ಕದಲ್ಲಿ ಇಟ್ಟರು. ಆಮೇಲೆ ಮೆಲ್ಲಗೆ, "ಸಿಹಿ ಮಕ್ಕಳಿಗಾಯ್ತು ಸರ್. ಅಸ್ತರಿನ ಅಂಗಡಿಯವರಿಗೆ ಎಂತ ಕೊಡುದು?" ಎಂದರು. ನಾನು ತಲೆ ತಗ್ಗಿಸಿ ಜೇಬಿಗೆ ಕೈ ಹಾಕಿದೆ.

ಆ ಮಾತಿನ ಅರ್ಥ ನನಗೆ ಪೂರ್ಣವಾಗಿ ತಿಳಿದದ್ದು ಅನಂತರ, ಅವರ ಅಂಗಡಿಯಲ್ಲಿ ಅರ್ಧ ಗಂಟೆ ಕುಳಿತಾಗ. ಒಂದು ರವಿಕೆಯ ಬಟ್ಟೆ ನಾವು ಕೊಡುತ್ತೇವೆ ನಿಜ. ಒಳಗಿನ ಅಸ್ತರು, ಕೊಕ್ಕೆ, ಬಣ್ಣಕ್ಕೆ ಹೊಂದುವ ನೂಲು ಇವನ್ನು ಬಹಳಷ್ಟು ಸಲ ದರ್ಜಿಯೇ ತನ್ನ ಹಣದಿಂದ ತರುತ್ತಾರೆ. ಕೈಕೆಳಗೆ ಹೊಲಿಯುವವರಿದ್ದರೆ ಅವರಿಗೆ ತುಂಡಿಗಿಷ್ಟೆಂಬ ಲೆಕ್ಕದಲ್ಲಿ ವಾರವಾರ ಕೊಡಬೇಕು. ಕಾಜಾ ಹಾಕಲು ಹೊರಗೆ ಕೊಟ್ಟರೆ ಅಲ್ಲಿಗೂ ನಗದು ಹಣ. ಹೀಗೆ ಬಟ್ಟೆ ಸಿದ್ಧವಾಗುವ ಹೊತ್ತಿಗೆ ಅವರು ನಮಗೆ ಸಾಲ ಕೊಟ್ಟವರಾಗಿರುತ್ತಾರೆ. ಮೊಳೆಗಳಿಗೆ ತೂಗುಹಾಕಿದ ಬಟ್ಟೆಗಳ ಸಾಲನ್ನು ಅವರು ತೋರಿಸಿದರು. ಒಂದೊಂದಕ್ಕೂ ಚೀಟಿ ಚುಚ್ಚಿದೆ, ಕೆಲವು ಚೀಟಿಗಳ ಶಾಯಿ ಮಾಸಿದೆ. ಹೊಲಿದು ತಿಂಗಳುಗಳಾದರೂ ಒಯ್ಯಲು ಬಾರದವರ ಬಟ್ಟೆಗಳವು. ಸಿದ್ಧ ಉಡುಪಿನ ಅಂಗಡಿಯವನು ಒಬ್ಬ ಬಾರದಿದ್ದರೆ ಇನ್ನೊಬ್ಬನಿಗೆ ಮಾರುತ್ತಾನೆ. ಒಬ್ಬರ ಮೈಯಳತೆಗೆ ಹೊಲಿದದ್ದು ಲೋಕದಲ್ಲಿ ಮತ್ತೊಬ್ಬರಿಗೆ ಆಗುವುದಿಲ್ಲ. ಸಂಜೆಗೆ ಬಾಡಿದ ಹರಿವೆಗೂ ಈ ರವಿಕೆಗೂ ವ್ಯತ್ಯಾಸವಿಲ್ಲ, ನಾವು ಬಾರದಿದ್ದರೆ ಎರಡೂ ನಿರುಪಯುಕ್ತ.

ಆದ್ದರಿಂದ ಕಾಣಿಕೆಯ ಮೊದಲ ನಿಯಮ ಕಾಣಿಕೆಯದೇ ಅಲ್ಲ, ಬಾಕಿಯದು. ಹಬ್ಬಕ್ಕೆ ಕನಿಷ್ಠ ಎಂಟು ದಿನ ಮುಂಚೆ ಹಿಂದಿನ ಲೆಕ್ಕವೆಲ್ಲ ಚುಕ್ತಾ ಆಗಬೇಕು, ಹೊಲಿದಿಟ್ಟದ್ದನ್ನು ಬಿಡಿಸಿಕೊಂಡು ಬರಬೇಕು. ಬಾಕಿಯ ಹಣವನ್ನೂ ಕಾಣಿಕೆಯನ್ನೂ ಒಂದೇ ಸಲ ಒಂದೇ ಕೈಯಲ್ಲಿ ಕೊಡಬಾರದು. "ಚಿಲ್ಲರೆ ಇಟ್ಟುಕೊಳ್ಳಿ, ಹಬ್ಬದ್ದೆಂದು ತಿಳಿಯಿರಿ" ಎನ್ನುವುದಂತೂ ಚಂದಯ್ಯನವರು ತಳ್ಳಿದ ಬೆರಕೆಯೇ ಸರಿ. ವರ್ಷವೆಲ್ಲ ಐದು ರೂಪಾಯಿಗೆ ಚೌಕಾಸಿ ಮಾಡಿ ಹಬ್ಬದ ದಿನ ಐನೂರು ಕೊಡುವವರನ್ನೂ ನಾನು ಬಲ್ಲೆ. ಮಠದ ಜಾತ್ರೆಗೆ ಚೀಲಗಟ್ಟಲೆ ಅಕ್ಕಿ ಬರೆಸುವ ಕೈಯೇ ಸಂಜೆಯ ಹೊತ್ತು ಬಸಳೆಯ ಕಟ್ಟಿಗೆ ಅರ್ಧ ಬೆಲೆ ಕೇಳುತ್ತದೆ. ಸಂಜೆ ಅದು ಬಾಡುವುದೆಂದು ಬಲ್ಲೆವಲ್ಲ, ಅದಕ್ಕೆ. ಇಂಥವರ ಐನೂರನ್ನು ಆಕೆ ತನ್ನ ಮನಸ್ಸಿನ ತಕ್ಕಡಿಯಲ್ಲಿ ಬೆಲೆಯ ತಟ್ಟೆಗೇ ಹಾಕಿಕೊಂಡರೆ ಆಶ್ಚರ್ಯವೇನು?

ಎರಡನೆಯದು ಕಾಲ. ನಾನು ಸಿಹಿ ಒಯ್ದದ್ದು ದೀಪಾವಳಿಯ ಹಿಂದಿನ ದಿನ. ದರ್ಜಿಗೆ ವರ್ಷದಲ್ಲೇ ಅದು ಅತಿ ಕಷ್ಟದ ದಿನ. ರಾತ್ರಿಯ ನಿದ್ರೆಗೆಟ್ಟ ಕಣ್ಣು, ಎದುರಿಗೆ "ನನ್ನದಾಯಿತೇ" ಎಂದು ನಿಂತ ಹತ್ತು ಜನ. ಅಂಥ ಹೊತ್ತಿನಲ್ಲಿ ಹೋಗಿ ಕೃತಜ್ಞತೆ ಹೇಳುವುದೂ ಒಂದು ಉಪದ್ರವವೇ. ಅವರ ಮನೆಯ ಮಕ್ಕಳ ಅಂಗಿ ಎಲ್ಲರದೂ ಮುಗಿದ ಮೇಲೆ, ನಡುರಾತ್ರಿ ಯಂತ್ರದ ಮೇಲೆ ಏರುತ್ತದೆ. ಹಾಗಾದರೆ ಯಾವಾಗ ಹೋಗಬೇಕು? ಮಹಾನವಮಿಯ ಆಯುಧಪೂಜೆಯಂದು. ಆ ದಿನ ಅಂಗಡಿ ಗುಡಿಸಿ ತೊಳೆದಿರುತ್ತದೆ. ಯಂತ್ರಕ್ಕೂ ಕತ್ತರಿಗೂ ಅಳತೆಗೋಲಿಗೂ ಹೂವೇರಿಸಿ, ಸೂಜಿ ವಿಶ್ರಾಂತಿ ಪಡೆಯುತ್ತದೆ. ಹೋದವರಿಗೆಲ್ಲ ದರ್ಜಿಯೇ ಪ್ರಸಾದ ಕೊಡುತ್ತಾರೆ. ಇಲ್ಲಿಯೂ ಮೊದಲು ಕೊಡುವವರು ಅವರೇ ಎಂಬುದನ್ನು ಗಮನಿಸಬೇಕು. ಸೂಜಿಕಾಯಕದ ರಾಮಿತಂದೆಯವರನ್ನು ಶರಣರ ಪಂಕ್ತಿಯಲ್ಲಿ ಕೂರಿಸಿಕೊಂಡ ಪರಂಪರೆಯವರಾದ ನಾವು ಆ ಪೂಜೆಗೆ ಅತಿಥಿಗಳಾಗಿ ಹೋಗಲು ಹಿಂಜರಿಯಬೇಕಾದುದಿಲ್ಲ. ಗಿರಾಕಿಯಂತೆ ಬಾಗಿಲಲ್ಲಿ ನಿಲ್ಲದೆ ಒಳಗೆ ಹೋಗಿ ಕುಳಿತು, ಪ್ರಸಾದ ತೆಗೆದುಕೊಂಡು, ನಮ್ಮದನ್ನು ಎರಡೂ ಕೈಯಿಂದ ಕೊಟ್ಟು ಬರಬೇಕು. ಮರುದಿನ ವಿಜಯದಶಮಿ. ನಮ್ಮ ಕಡೆ ಅಂದು ಬನ್ನಿ ಕೊಡುತ್ತೇವೆ, ಬನ್ನಿ ತೆಗೆದುಕೊಳ್ಳುತ್ತೇವೆ. ಒಂದೇ ಎಲೆ ಎರಡು ಕಡೆಗೂ ನಡೆಯುತ್ತದೆ, ಕೊಟ್ಟವನು ಯಾರು ಪಡೆದವನು ಯಾರೆಂದು ಯಾರೂ ಬರೆದಿಡುವುದಿಲ್ಲ. ಕರಾವಳಿಯ ಸ್ನೇಹಿತರಿಗೆ ಈ ಪದ್ಧತಿಯನ್ನು ವಿವರಿಸಿ ಎರಡು ಎಲೆ ಕೊಟ್ಟರೆ ಅವರಿಗೂ ಸಂತೋಷವಾಗುತ್ತದೆ, ನಾನು ಕಂಡಿದ್ದೇನೆ.

ದಶಮಿಯಿಂದ ನರಕಚತುರ್ದಶಿಗೆ ಇಪ್ಪತ್ತು ದಿನಗಳೂ ಉಳಿಯುವುದಿಲ್ಲ. ದೀಪಾವಳಿಯ ಬಟ್ಟೆಯನ್ನು ನವರಾತ್ರಿಗೆ ಮುಂಚೆಯೇ ಕೊಟ್ಟುಬಿಡುವುದು ನೋಟಿನ ಲಕೋಟೆಗಿಂತ ದೊಡ್ಡ ಕಾಣಿಕೆ ಎಂದು ನಮ್ಮ ದರ್ಜಿಯವರೇ ನಗುತ್ತ ಹೇಳಿದರು. ಅದಕ್ಕೆ ನಮಗೆ ಒಂದು ಕಾಸೂ ಖರ್ಚಿಲ್ಲ.

ಮೊತ್ತವೆಷ್ಟು ಎಂಬ ಪ್ರಶ್ನೆಗೆ ನಾಚಿಕೆಪಡದೆ ಉತ್ತರಿಸೋಣ. ನಮ್ಮಲ್ಲಿ ಅನೇಕರು ನೌಕರಿಯ ಜೀವನದಲ್ಲಿ ಬೋನಸ್ಸಿನ ರುಚಿ ಕಂಡವರು. ಕಾಯಿದೆಯ ಪ್ರಕಾರ ಅರ್ಹ ನೌಕರನಿಗೆ ಕನಿಷ್ಠ ಬೋನಸ್ಸು ನೂರಕ್ಕೆ 8.33, ಎಂದರೆ ವರ್ಷದ ವೇತನದ ಹನ್ನೆರಡನೆಯ ಒಂದು ಪಾಲು. ಯಜಮಾನನೇ ಇಲ್ಲದವರಿಗೆ ಆ ಕಾಯಿದೆ ತಲುಪದು. ದರ್ಜಿಗೂ ತರಕಾರಿಯಾಕೆಗೂ ಯಜಮಾನರಿಲ್ಲ, ನಮ್ಮಂಥ ನೂರು ಮನೆಗಳಿವೆ. ಉದಾಹರಣೆಗೆ, ಒಂದು ಮನೆ ವರ್ಷಕ್ಕೆ ಹೊಲಿಗೆಯ ಕೂಲಿಯೆಂದು 6,000 ರೂಪಾಯಿ ಕೊಡುತ್ತದೆ ಎನ್ನೋಣ. ಹನ್ನೆರಡನೆಯ ಪಾಲು 500. ನಮ್ಮ ರೂಢಿಯಂತೆ ಒಂದು ರೂಪಾಯಿ ಸೇರಿಸಿ 501 ಇಟ್ಟರೆ ಅದು ದಾನವೂ ಆಗದು, ಜಂಬವೂ ಆಗದು. ತರಕಾರಿಯಾಕೆಗೆ ಈ ಲೆಕ್ಕ ಹೊಂದುವುದಿಲ್ಲ, ಏಕೆಂದರೆ ನಾವು ಕೊಟ್ಟ ಹಣದಲ್ಲಿ ಬಹುಭಾಗ ಸಗಟು ಮಂಡಿಗೂ ಸಾಗಣೆಗೂ ಕೊಳೆತದ್ದಕ್ಕೂ ಹೋಗುವಂಥದು. ಅಲ್ಲಿ ಕೊಸರಿನಿಂದಲೇ ಅಳೆಯಬಹುದು. ವಾರಕ್ಕೆ ಐದು ರೂಪಾಯಿಯ ಕೊತ್ತಂಬರಿ-ಕರಿಬೇವು ಎಂದು ಹಿಡಿದರೂ 52 ವಾರಕ್ಕೆ 260 ಆಯಿತು. ವಾರಕ್ಕೆ 300 ರೂಪಾಯಿಯ ತರಕಾರಿ ಕೊಳ್ಳುವ ಮನೆ ಒಂದು ವಾರದ ಮೊತ್ತವನ್ನು ಕಾಣಿಕೆಯಾಗಿ ಇತ್ತರೆ, ಪಡೆದುದನ್ನು ಹಿಂದಿರುಗಿಸಿ ನಲವತ್ತು ರೂಪಾಯಿ ಮೇಲೆ ಇಟ್ಟಂತಾಯಿತು. ದೊಡ್ಡ ಉದಾರಿಗಳೆಂದು ಬೀಗುವಂಥದ್ದೇನೂ ಅದರಲ್ಲಿಲ್ಲ.

ಹಣವೇ ಏಕೆ, ವಸ್ತು ಆಗದೆ ಎನ್ನುವವರಿದ್ದಾರೆ. ಆಗಬಹುದು, ಆದರೆ ಯೋಚಿಸಿ. ಒಂದೇ ದಿನ ಹತ್ತು ಮನೆಗಳಿಂದ ಹತ್ತು ಡಬ್ಬಿ ಸಿಹಿ ಬಂದರೆ ಅದು ಹಳಸುತ್ತದೆ. ದರ್ಜಿಗೆ ಹೊಸ ಬಟ್ಟೆಯ ತುಂಡು ಕೊಟ್ಟರೆ ಅವರಿಗೆ ಇನ್ನೊಂದು ಕೆಲಸ ಕೊಟ್ಟಂತೆ. ನಮ್ಮ ಊರಿಂದ ಬರುವಾಗ ತಂದ ಶೇಂಗಾ ಹೋಳಿಗೆಯೋ ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿಯೋ, ಮನೆಯಲ್ಲಿ ನಾವೇ ತಿನ್ನುವಂಥದು, ಲಕೋಟೆಯ ಜೊತೆಗಿದ್ದರೆ ಸೊಗಸು. ಅದು ಅಂಗಡಿಯಲ್ಲಿ ಸಿಗದು, ಆದ್ದರಿಂದ ಅದಕ್ಕೆ ಬೆಲೆಯ ಸೋಂಕಿಲ್ಲ. ಫೋಟೋ ಹಿಡಿದು ಹತ್ತು ಜನಕ್ಕೆ ಹಂಚುವ ಈಚಿನ ಚಾಳಿಯ ವಿಷಯ ಬರೆಯಲು ನನಗೆ ಮನಸ್ಸಾಗದು.

ಯಾರ ಹಬ್ಬಕ್ಕೆ ಎಂಬ ಇನ್ನೊಂದು ಸೂಕ್ಷ್ಮವಿದೆ. ಇಲ್ಲಿ ನಮಗೆ ತರಕಾರಿ ಕೊಡುವವರು, ಹೊಲಿದುಕೊಡುವವರು ನಾನಾ ಮತದವರು. ನಮ್ಮ ಹಬ್ಬದ ಬಟ್ಟೆಗೆ ನಿದ್ರೆಗೆಟ್ಟವರಿಗೆ ನಮ್ಮ ಹಬ್ಬದಲ್ಲಿ ಕೊಡುವುದು ಸರಿಯೇ. ಆದರೆ ಅವರ ಹಬ್ಬ ಯಾವಾಗ ಎಂದು ತಿಳಿದಿರುವುದು ಅದಕ್ಕಿಂತ ಆತ್ಮೀಯ. ಇಲ್ಲಿಯ ಕ್ರೈಸ್ತ ಬಂಧುಗಳು ಸಪ್ಟಂಬರ 8ರಂದು ಮೊಂತಿ ಹಬ್ಬ ಆಚರಿಸುತ್ತಾರೆ. ಹೊಸ ತೆನೆಯನ್ನು ಮನೆಗೆ ತಂದು, ಅಂದು ಸಸ್ಯಾಹಾರವನ್ನೇ ಉಣ್ಣುತ್ತಾರೆ. ಪಲ್ಯ-ಸಾರುಗಳ ಸಂಖ್ಯೆ ಮೂರು, ಐದು, ಏಳು ಹೀಗೆ ಬೆಸವಾಗಿರಬೇಕೆಂಬುದು ಸಂಪ್ರದಾಯ. ಕಾರ್ಕಳದ ಕಡೆಯ ನಮ್ಮವರೊಬ್ಬರು ತಮ್ಮ ತರಕಾರಿಯವರಿಗೆ ಕಾಣಿಕೆ ಕೊಡುವುದು ದೀಪಾವಳಿಗಲ್ಲ, ಜನವರಿಯಲ್ಲಿ ಅತ್ತೂರಿನ ಸಂತ ಲಾರೆನ್ಸರ ಉತ್ಸವಕ್ಕೆ ಮುಂಚೆ. ಆ ಜಾತ್ರೆಗೆ ಎಲ್ಲ ಮತದವರೂ ಹೋಗುತ್ತಾರೆ, ಮಕ್ಕಳಿಗೆ ಬೇಕಾದದ್ದು ಕೊಳ್ಳಲು ಅಂದೇ ಕೈಯಲ್ಲಿ ಹಣ ಬೇಕು. ಕಾಣಿಕೆ ಹಬ್ಬಕ್ಕೆ ಮುಂಚೆ ತಲುಪಬೇಕು, ಹಬ್ಬ ಕಳೆದ ಮೇಲಲ್ಲ ಎಂಬುದನ್ನು ಅವರಿಂದ ಕಲಿತೆ.

ಕಳೆದ ವರ್ಷ ನನ್ನ ಮನೆಯವರು ಕಾಪುವಿನಲ್ಲಿ ರಸ್ತೆಬದಿ ಕೂರುವ ತಾಯಿಗೆ ಲಕೋಟೆ ಕೊಟ್ಟರು. ಅಂದಿನ ತರಕಾರಿಯ ಹಣ ಎಣಿಸಿ ಕೊಟ್ಟು, ಚೀಲ ಕೆಳಗಿಟ್ಟು, ಆಮೇಲೆ. "ಎಂತ ಅಕ್ಕ ಇದು?" ಎಂದು ಆಕೆ ಕೇಳಿದರು. "ಕೊಸರು" ಎಂದರು ನಮ್ಮವರು. ಆಕೆ ಒಂದು ಕ್ಷಣ ನೋಡಿ, ಬಾಯ್ತುಂಬ ನಕ್ಕು, ಲಕೋಟೆಯನ್ನು ತೆರೆಯದೆ ಸೊಂಟಕ್ಕೆ ಸಿಕ್ಕಿಸಿಕೊಂಡು, ಗೋಣಿಯ ಕೆಳಗಿಂದ ಎರಡು ಕಟ್ಟು ಬಸಳೆ ತೆಗೆದು ಚೀಲಕ್ಕೆ ತುರುಕಿದರು. ನಮ್ಮವರು ಪರ್ಸಿಗೆ ಕೈ ಹಾಕಿದ್ದು ತಪ್ಪಾಯಿತು. "ಹಾಗೆಲ್ಲ ಮಾಡ್ಬೇಡಿ" ಎಂದು ಆಕೆ ನಿಜವಾಗಿಯೇ ಮುನಿದರು. ಕೊಡಲು ಹೋದವರು ಪಡೆಯಲೂ ಸಿದ್ಧರಾಗಿ ಹೋಗಬೇಕು. ಬಸಳೆಯನ್ನು ಹಿಂದಕ್ಕೆ ಕೊಟ್ಟು ಬಂದಿದ್ದರೆ ನಮ್ಮ ಮುನ್ನೂರು ರೂಪಾಯಿ ಅಲ್ಲಿಯೇ ಭಿಕ್ಷೆಯಾಗಿಬಿಡುತ್ತಿತ್ತು.

ಚಂದಯ್ಯನವರನ್ನು ಉದಾಹರಿಸಿದ ನಮ್ಮ ಹಿರಿಯರು ಇನ್ನೂ ನನ್ನ ಮಾತನ್ನು ಒಪ್ಪಿಲ್ಲ. ಬರುವ ಕೂಟದಲ್ಲಿ ಉತ್ತರ ಕೊಡುತ್ತೇನೆಂದು ಹೇಳಿಕಳುಹಿಸಿದ್ದಾರೆ. ಆದರೆ ಅವರು ಉಡುಪಿಯ ತಮ್ಮ ದರ್ಜಿಯ ಅಂಗಡಿಗೆ ಹೋಗಿ, ಆರು ತಿಂಗಳಿಂದ ಮೊಳೆಗೆ ತೂಗುತ್ತಿದ್ದ ಎರಡು ಜುಬ್ಬಗಳನ್ನು ಪೂರ್ಣ ಹಣ ಕೊಟ್ಟು ಬಿಡಿಸಿಕೊಂಡು ಬಂದರೆಂದು ಅವರ ಸೊಸೆಯಿಂದ ತಿಳಿಯಿತು.